‘ಒಡೆದಾಗ’ ಅಂದ್ರೆ ‘ಒಡೆದದ್ದಕ್ಕೆ’ ಅಂತಲ್ಲ

ಮೊದಲ ಪಿಯುಸಿಯಲ್ಲಿ ನಾನು ಮತ್ತು ನನ್ನ ಬೆಂಚ್‌ಮೇಟ್ ಬಯಾಲಜಿ ಪುಸ್ತಕದ ಒಂದೇ ಒಂದು ಪ್ಯಾರಾ ಇಟ್ಟುಕೊಂಡು ಮೂರು ದಿನ ಜಗಳ ಆಡಿದ್ದೆವು. ಇಬ್ಬರೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹಾಗಾಗಿ ಪುಸ್ತಕ ಇಂಗ್ಲಿಷಿನದು, ಜಗಳ ಮಾತ್ರ ಅಪ್ಪಟ ಕನ್ನಡದ್ದು.

ಪ್ಯಾರಾ ಇದ್ದದ್ದು ಎಟಿಪಿ ಬಗ್ಗೆ. ನೆನಪಿಲ್ಲದವರಿಗೆ: ನಮ್ಮ ಜೀವಕೋಶಗಳು ಕೆಲಸಕ್ಕೆ ಬಳಸುವ ಅಣು ಇದು. ಇದರ ಬಾಲದಲ್ಲಿ ಮೂರು ಫಾಸ್ಫೇಟ್‌ಗಳು ಸಾಲಾಗಿ ಇರುತ್ತವೆ. ಕೊನೆಯದು ಕಳಚಿದರೆ ಉಳಿಯುವುದು ಎಡಿಪಿ. ಪುಸ್ತಕ ಹೇಳಿದ್ದರ ಸಾರಾಂಶ ಇಷ್ಟು: ಫಾಸ್ಫೇಟ್‌ಗಳ ನಡುವಿನ ಬಾಂಡ್‌ನಲ್ಲಿ ಬಹಳ ಶಕ್ತಿ ಶೇಖರವಾಗಿದೆ, ಹೈಡ್ರಾಲಿಸಿಸ್‌ನಲ್ಲಿ ಆ ಬಾಂಡ್ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ, ಕೋಶ ಅದನ್ನು ಬಳಸಿಕೊಳ್ಳುತ್ತದೆ.

ಓದಿದರೆ ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ತೊಂದರೆ ಏನಂದ್ರೆ, ಅದೇ ವಾರ ಕೆಮಿಸ್ಟ್ರಿ ಕ್ಲಾಸಿನಲ್ಲಿ ಬಾಂಡ್ ಒಡೆಯಬೇಕಾದರೆ ಶಕ್ತಿ ಕೊಡಬೇಕು ಅಂತ ಹೇಳಿಕೊಟ್ಟಿದ್ದರು.

“ಲೋ, ಇದು ತಪ್ಪು ಕಣೋ,” ಅಂದೆ ನಾನು. “ಅಂಟಿಕೊಂಡಿರೋ ಎರಡು ಮ್ಯಾಗ್ನೆಟ್ ಬಿಡಿಸಬೇಕಾದ್ರೆ ನೀನೇ ಎಳೀಬೇಕು. ಅವು ಬಿಟ್ಕೊಂಡು ನಿನಗೆ ಶಕ್ತಿ ಕೊಡಲ್ಲ.”

“ಮ್ಯಾಗ್ನೆಟ್ ಯಾಕೆ ತರ್ತೀಯ? ಮಣ್ಣಿನ ಹುಂಡಿ ಥರ ಅಂದ್ಕೋ. ಒಳಗೆ ದುಡ್ಡಿದೆ. ಒಡೆದ್ರೆ ಈಚೆ ಬರುತ್ತೆ. ಶೇಖರ ಅಂತ ಪುಸ್ತಕದಲ್ಲೇ ಬರ್ದಿದಾರಲ್ಲ.”

“ಹಂಗಾದ್ರೆ ಕೆಮಿಸ್ಟ್ರಿ ಮೇಷ್ಟ್ರು ಹೇಳಿದ್ದು ಸುಳ್ಳಾ?”

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ: “ಒಂದ್ ಕೆಲಸ ಮಾಡು ಮಗಾ. ಬಯಾಲಜಿ ಪೇಪರ್‌ನಲ್ಲಿ ಒಡೆದ್ರೆ ಶಕ್ತಿ ಬರುತ್ತೆ ಅಂತ ಬರಿ. ಕೆಮಿಸ್ಟ್ರಿ ಪೇಪರ್‌ನಲ್ಲಿ ಒಡೆಯೋಕೆ ಶಕ್ತಿ ಬೇಕು ಅಂತ ಬರಿ. ಎರಡಕ್ಕೂ ಮಾರ್ಕ್ಸ್ ಬರುತ್ತೆ.”

ಆವತ್ತು ನಕ್ಕಿದ್ದೆ. ಈಗ ಯೋಚಿಸಿದರೆ, ಆ ಪ್ಯಾರಾ ಮೇಲೆ ನನಗಿರುವ ದೊಡ್ಡ ತಕರಾರು ಅವನ ಈ ಸಲಹೆಯೇ. ಬುದ್ಧಿವಂತ ಹುಡುಗನೊಬ್ಬ ಒಂದು ವಾಕ್ಯ ಓದಿ, ಜಗತ್ತಿನಲ್ಲಿ ಎರಡು ಸತ್ಯಗಳಿವೆ, ಯಾವ ಪೀರಿಯಡ್ ಅಂತ ನೋಡಿಕೊಂಡು ಒಂದನ್ನು ಹೇಳಬೇಕು ಅನ್ನೋ ತೀರ್ಮಾನಕ್ಕೆ ಬಂದಿದ್ದ. ಅವನು ಸೋಮಾರಿಯಲ್ಲ. ಪುಸ್ತಕವನ್ನು ಪುಸ್ತಕ ಬರೆದ ಹಾಗೆಯೇ ಓದಿದ್ದ.

ಎರಡನೇ ದಿನ ಜಗಳ ತಿರುವು ತಗೊಂಡಿತು. “ಸರಿ, ಒಡೆಯೋಕೆ ಶಕ್ತಿ ಖರ್ಚಾಗುತ್ತೆ ಅಂತಾನೇ ಇಟ್ಕೋ,” ಅಂದ ಅವನು. “ಹಾಗಿದ್ರೆ ಎಟಿಪಿಯಿಂದ ಶಕ್ತಿ ಬರ್ತಾ ಇರೋದು ಎಲ್ಲಿಂದ? ಬರೋದೇ ಇಲ್ವಾ? ನಾವು ನಡೀತಾ ಇರೋದು ಹೇಗೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕ ತಪ್ಪು ಅಂತ ಸಾಧಿಸೋ ಭರದಲ್ಲಿ ಎಟಿಪಿಯನ್ನೇ ದಂಡ ಮಾಡಿಬಿಟ್ಟಿದ್ದೆ. ಶಕ್ತಿ ಬರೋದಂತೂ ನಿಜ. ಅಂದರೆ ಅವನ ವಿವರಣೆ ತಪ್ಪು, ನನ್ನ ತೀರ್ಮಾನವೂ ತಪ್ಪು.

ಇಬ್ಬರೂ ಕೆಮಿಸ್ಟ್ರಿ ಪುಸ್ತಕದ ಬಾಂಡ್ ಎನರ್ಜಿ ಟೇಬಲ್ ತೆಗೆದು ಕೂತೆವು. ಎಟಿಪಿ ಅದರಲ್ಲಿ ಇರಲಿಲ್ಲ. ಹೈಡ್ರೋಜನ್ ಉರಿದು ನೀರಾಗುವುದಕ್ಕೆ ಬೇಕಾದ ಅಂಕಿಗಳು ಇದ್ದವು, ಅದನ್ನೇ ಲೆಕ್ಕ ಹಾಕಿದೆವು. ಎರಡು ಮೋಲ್ ಹೈಡ್ರೋಜನ್ ಬಿಡಿಸಲು, ಒಂದಕ್ಕೆ 436ರಂತೆ, 872 ಕಿಲೋಜೌಲ್ ಬೇಕು. ಒಂದು ಮೋಲ್ ಆಕ್ಸಿಜನ್ ಬಿಡಿಸಲು 498. ಒಟ್ಟು ಖರ್ಚು 1370. ಇಲ್ಲಿಯವರೆಗೆ ಬರೀ ಒಡೆದದ್ದು, ಕೈಗೆ ಒಂದು ಪೈಸೆಯೂ ಬಂದಿಲ್ಲ. ಆಮೇಲೆ ನೀರಿನಲ್ಲಿ ನಾಲ್ಕು ಹೊಸ ಬಾಂಡ್ ಆಗುತ್ತವೆ. ಒಂದೊಂದೂ ಸುಮಾರು 463 ಕೊಡುತ್ತದೆ, ಒಟ್ಟು 1852. ಖರ್ಚು ಕಳೆದರೆ 482 ಕಿಲೋಜೌಲ್ ಉಳಿತಾಯ. ಉರಿಯಲ್ಲಿ ನಮಗೆ ಕಾಣುವುದು ಈ ಉಳಿತಾಯ.

“ಓಹೋ,” ಅಂದ. “ಒಡೆದಿದ್ದರಿಂದ ಬಂದಿದ್ದಲ್ಲ. ಕೂಡಿದ್ದರಿಂದ ಬಂದಿದ್ದು.”

ಈಗ ಸಂಬಳ ತಗೊಳ್ಳೋ ವಯಸ್ಸಿನಲ್ಲಿ ನನಗೆ ಇದಕ್ಕೆ ಒಳ್ಳೆ ಹೋಲಿಕೆ ಸಿಕ್ಕಿದೆ. ಬಾಂಡ್ ಅನ್ನೋದು ಹುಂಡಿಯಲ್ಲ, ಸಾಲ. ಹಳೇ ಸಾಲ ಕ್ಲೋಸ್ ಮಾಡೋಕೆ ದುಡ್ಡು ಕಟ್ಟಬೇಕು. ಹೊಸ, ದೊಡ್ಡ ಸಾಲ ತಗೊಂಡರೆ ಕೈಗೆ ದುಡ್ಡು ಬರುತ್ತದೆ. ಹಳೇ ಲೋನ್ ಮುಗಿಸಿ ಟಾಪ್‌ಅಪ್ ತಗೊಂಡವರಿಗೆ ಗೊತ್ತು: ಅಕೌಂಟಿಗೆ ಬೀಳೋದು ವ್ಯತ್ಯಾಸ ಮಾತ್ರ. ‘ಹಳೇ ಲೋನ್ ಕ್ಲೋಸ್ ಆದಾಗ ನನಗೆ ದುಡ್ಡು ಬಂತು’ ಅಂದರೆ ಸುಳ್ಳಲ್ಲ, ಅದೇ ದಿನ ಬಂದದ್ದು ಹೌದು. ಆದರೆ ಕ್ಲೋಸ್ ಆದ ಕಾರಣಕ್ಕೆ ಬಂದದ್ದಲ್ಲ.

ಪ್ಯಾರಾದ ಗುಟ್ಟು ಇರುವುದೂ ಇಲ್ಲೇ. ‘ಒಡೆದಾಗ’ ಅನ್ನೋದು ಬರೀ ಸಮಯ ಹೇಳುವ ಮಾತು. ನಾವು ಅದನ್ನು ‘ಒಡೆದದ್ದರಿಂದ’ ಅಂತ ಕಾರಣವಾಗಿ ಓದುತ್ತೇವೆ. ಮಾಮೂಲಿಯಾಗಿ ಹಾಗೆ ಓದುವುದು ತಪ್ಪೂ ಅಲ್ಲ. ‘ಸ್ವಿಚ್ ಒತ್ತಿದಾಗ ಲೈಟ್ ಹತ್ತುತ್ತದೆ’ ಅನ್ನುವಾಗ ಕಾರಣವನ್ನೇ ಹೇಳುತ್ತಿರುತ್ತೇವೆ. ಜೊತೆಗೆ ‘ಬಾಂಡ್‌ನಲ್ಲಿ ಶೇಖರವಾಗಿದೆ’ ಅನ್ನುವ ಮಾತು ಹುಂಡಿಯ ಚಿತ್ರವನ್ನು ತಲೆಯಲ್ಲಿ ಮೊದಲೇ ಕೂರಿಸಿರುತ್ತದೆ. ಓದುಗನಿಗೆ ಬೇರೆ ದಾರಿಯೇ ಉಳಿಯುವುದಿಲ್ಲ.

ಹಾಗಾದರೆ ಎಟಿಪಿಯಲ್ಲಿ ಕೂಡೋದು ಏನು ಯಾವುದರ ಜೊತೆ? ಮೂರನೇ ದಿನ ಇದನ್ನು ಹಿಡಿದದ್ದು ನಾನಲ್ಲ, ಅವನು.

“ಲೋ, ಹೈಡ್ರಾಲಿಸಿಸ್ ಅಂತ ಇದೆಯಲ್ಲ. ಹೈಡ್ರೋ ಅಂದ್ರೆ ನೀರು ಅಲ್ವಾ? ನೀರು ಎಲ್ಲಿ ಹೋಯ್ತು ಈ ಪ್ಯಾರಾದಲ್ಲಿ?”

ಹೌದಲ್ಲ! ಇಡೀ ಪ್ಯಾರಾದಲ್ಲಿ ನೀರಿನ ಹೆಸರೇ ಇಲ್ಲ. ಕಷ್ಟದ ಪಾರಿಭಾಷಿಕ ಪದದ ಒಳಗೆ ಅಡಗಿ ಕೂತಿದೆ. ನಿಜವಾಗಿ ನಡೆಯುವುದು ಇದು:

ATP + H₂O → ADP + Pi

ಕೊನೆಯ Pi ಅಂದರೆ ಬಿಡಿಯಾದ ಫಾಸ್ಫೇಟ್. ಇಲ್ಲಿ ಎಟಿಪಿಯದೊಂದು ಬಾಂಡ್ ಒಡೆಯುತ್ತದೆ, ನೀರಿನದೊಂದು ಒಡೆಯುತ್ತದೆ, ಅವುಗಳ ಜಾಗದಲ್ಲಿ ಹೊಸವು ಆಗುತ್ತವೆ. ಕೊನೆಗೆ ಸಿಗುವ ಎಡಿಪಿ ಮತ್ತು ಫಾಸ್ಫೇಟ್ ಎರಡೂ ಸೇರಿ ಮೊದಲಿದ್ದ ಜೋಡಿಗಿಂತ ಹೆಚ್ಚು ನೆಮ್ಮದಿಯ ಸ್ಥಿತಿಯಲ್ಲಿ ಇರುತ್ತವೆ. ಎಟಿಪಿಯ ಬಾಲದಲ್ಲಿ ಋಣ ಆವೇಶಗಳು ಒತ್ತೊತ್ತಾಗಿ ಕೂತು ಒಂದನ್ನೊಂದು ತಳ್ಳುತ್ತಿರುತ್ತವೆ. ಬೇರೆಯಾದ ಮೇಲೆ ಆ ನೂಕಾಟ ಕಡಿಮೆಯಾಗುತ್ತದೆ. ಬಿಡಿ ಫಾಸ್ಫೇಟ್‌ನಲ್ಲಿ ಎಲೆಕ್ಟ್ರಾನ್‌ಗಳು ಇನ್ನಷ್ಟು ಹರಡಿಕೊಳ್ಳುತ್ತವೆ. ಸುತ್ತಲಿನ ನೀರು ಈ ಎರಡು ತುಂಡುಗಳನ್ನು ಇನ್ನೂ ಚೆನ್ನಾಗಿ ಸುತ್ತುವರಿಯುತ್ತದೆ. ಮೊದಲಿನ ಮತ್ತು ಕೊನೆಯ ಸ್ಥಿತಿಗಳ ವ್ಯತ್ಯಾಸವೇ ಸಿಗುವ ಶಕ್ತಿ: ಪ್ರಮಾಣಿತ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30.5 ಕಿಲೋಜೌಲ್. ಕೋಶದ ಒಳಗೆ ಎಡಿಪಿಗೆ ಹೋಲಿಸಿದರೆ ಎಟಿಪಿಯ ಪ್ರಮಾಣವನ್ನು ಸದಾ ತುಂಬಾ ಮೇಲೆ ಇಟ್ಟಿರುವುದರಿಂದ ಇದು 50ರ ಆಸುಪಾಸಿಗೆ ಹೋಗುತ್ತದೆ.

ನೂಕಾಟದ ವಿಷಯದಲ್ಲಿ ನನ್ನ ಗೆಳೆಯನಿಗೆ ಅರ್ಧ ಮಾರ್ಕ್ಸ್ ಕೊಡಲೇಬೇಕು. ಎಟಿಪಿಯೊಳಗೆ ಒತ್ತಿಟ್ಟ ಸ್ಪ್ರಿಂಗ್ ಥರದ್ದೇನೋ ಇದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಬಾಂಡ್ ಅಲ್ಲ. ಬಾಂಡ್ ಆ ಸ್ಪ್ರಿಂಗನ್ನು ಹಿಡಿದಿಟ್ಟಿರುವ ದಾರ. ದಾರ ಕತ್ತರಿಸೋಕೂ ಶ್ರಮ ಬೇಕು. ಸಾಕ್ಷಿ ಬೇಕಾದರೆ, ಎಟಿಪಿಯನ್ನು ತಟಸ್ಥ ದ್ರಾವಣದಲ್ಲಿ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ನೀರಿನಲ್ಲಿ ಹಾಕಿಟ್ಟರೆ ಅದು ಥಟ್ಟನೆ ಒಡೆದುಹೋಗುವುದಿಲ್ಲ, ಕಿಣ್ವ ಬೇಕಾಗುತ್ತದೆ. ಒಡೆಯೋದೇ ಲಾಭವಾಗಿದ್ದರೆ ಅದು ಯಾರಿಗೂ ಕಾಯಬೇಕಿರಲಿಲ್ಲ.

ಇನ್ನು ‘ಹೈ ಎನರ್ಜಿ ಬಾಂಡ್’ ಅನ್ನೋ ಹೆಸರು ಎಲ್ಲಿಂದ ಬಂತು? 1941ರಲ್ಲಿ ಫ್ರಿಟ್ಜ್ ಲಿಪ್ಮನ್ ಅನ್ನುವ ಜೀವರಸಾಯನ ವಿಜ್ಞಾನಿ ಇಂಥ ಫಾಸ್ಫೇಟ್‌ಗಳನ್ನು ಗುರುತಿಸಲು ಮಾಮೂಲಿ ನೇರ ಗೆರೆಯ ಬದಲು ಅಲೆಯಂಥ ಗೆರೆ ಬಳಸಿದ, ~P ಅಂತ. ಬರೆಯೋಕೆ ಸುಲಭ, ನೋಡಿದ ತಕ್ಷಣ ಗೊತ್ತಾಗುತ್ತದೆ, ಪುಸ್ತಕದಿಂದ ಪುಸ್ತಕಕ್ಕೆ ಹೋಗಿ ನಿಂತುಬಿಟ್ಟಿತು. ಆ ಗೆರೆಯ ಅರ್ಥ ‘ಈ ಗುಂಪನ್ನು ನೀರಿಗೋ ಬೇರೆ ಅಣುವಿಗೋ ದಾಟಿಸಿದರೆ ಬಹಳ ಶಕ್ತಿ ದೊರೆಯುತ್ತದೆ’ ಅಂತ. ಕೆಮಿಸ್ಟ್ರಿಯವರು ‘ಬಾಂಡ್ ಎನರ್ಜಿ’ ಅನ್ನುವುದು ಅದನ್ನು ಒಡೆಯಲು ಎಷ್ಟು ಬೇಕು ಅನ್ನುವುದಕ್ಕೆ. ಒಂದರಲ್ಲಿ ಬರುವ ಲೆಕ್ಕ, ಇನ್ನೊಂದರಲ್ಲಿ ಕೊಡುವ ಲೆಕ್ಕ, ಪದ ಮಾತ್ರ ಒಂದೇ. ಎರಡು ಡಿಪಾರ್ಟ್‌ಮೆಂಟಿನವರೂ ಅವರವರ ಲೆಕ್ಕದಲ್ಲಿ ಸರಿ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡದ್ದು ನಾವಿಬ್ಬರು.

ಹಾಗಾಗಿ ಪ್ಯಾರಾ ‘ತಪ್ಪು’ ಅನ್ನುವ ನನ್ನ ಹಳೇ ವಾದವನ್ನು ಈಗ ಬಿಟ್ಟಿದ್ದೇನೆ. ನನ್ನ ದೂರು ಬೇರೆ. ಮೊದಲೇ ಗೊತ್ತಿದ್ದವರು ಓದಿದರೆ ಅದು ಸರಿ, ಗೊತ್ತಿಲ್ಲದವರು ಓದಿದರೆ ತಪ್ಪು. ಪಠ್ಯಪುಸ್ತಕ ಓದುವವರು ಎರಡನೇ ಗುಂಪಿನವರು. ಇದನ್ನು ಸರಿ ಮಾಡಲು ಪುಟಗಟ್ಟಲೆ ಬೇಕಿಲ್ಲ. ‘ಎಟಿಪಿ ನೀರಿನ ಜೊತೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆಗುತ್ತದೆ. ಹಳೇ ಬಾಂಡ್ ಒಡೆಯಲು ಸ್ವಲ್ಪ ಶಕ್ತಿ ಖರ್ಚಾಗುತ್ತದೆ, ಆದರೆ ಹೊಸದಾಗಿ ಆದವು ಅದಕ್ಕಿಂತ ಹೆಚ್ಚು ಸ್ಥಿರವಾಗಿರುವುದರಿಂದ ಒಟ್ಟಿನಲ್ಲಿ ಶಕ್ತಿ ಉಳಿಯುತ್ತದೆ.’ ಎರಡು ವಾಕ್ಯ. ನೀರಿನ ಹೆಸರಿದೆ, ಕಾರಣ ಕಾರಣದ ಜಾಗದಲ್ಲಿದೆ, ಪಕ್ಕದ ಪೀರಿಯಡ್ ಜೊತೆ ಜಗಳವಿಲ್ಲ.

ಟೆಸ್ಟ್‌ನಲ್ಲಿ ಆ ಪ್ರಶ್ನೆ ಬಂದೇಬಂತು, ಎರಡು ಮಾರ್ಕ್ಸಿಗೆ. ನಾನು ನೀರು, ಖರ್ಚು, ಉಳಿತಾಯ ಎಲ್ಲ ಬರೆದೆ. ಒಂದು ಮಾರ್ಕ್ಸ್ ಬಂತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅವನು ಪುಸ್ತಕದ ವಾಕ್ಯ ಹಾಗೇ ಬರೆದು ಎರಡಕ್ಕೆರಡು ತಗೊಂಡ.

“ಗೊತ್ತಿದ್ದೂ ಯಾಕೋ ಹಂಗ್ ಬರೆದೆ?” ಅಂತ ಕೇಳಿದೆ.

“ನಾನು ಬರೆದಿದ್ದನ್ನ ಇನ್ನೊಂದ್ಸಲ ಓದು,” ಅಂದ. ಉತ್ತರ ಪತ್ರಿಕೆ ಇಸ್ಕೊಂಡು ನೋಡಿದೆ. ‘ಒಡೆದಾಗ’ ಅನ್ನೋ ಜಾಗದ ಮುಂದೆ, ಸಣ್ಣ ಅಕ್ಷರದಲ್ಲಿ, ‘ನೀರಿನ ಜೊತೆ’ ಅಂತ ಎರಡು ಪದ ತುರುಕಿದ್ದ.