ಕರ್ತೃವಿನ ಅನುಮಾನ ಮತ್ತು ಅದೃಶ್ಯದ ಸಮಸ್ಯೆ: ನ್ಯಾಯದರ್ಶನದ ಈಶ್ವರಸಾಧನೆಗೆ ಬೌದ್ಧರ ಎರಡು ಉತ್ತರಗಳು

1

ಭಾರತೀಯ ದರ್ಶನಗಳಲ್ಲಿ ಈಶ್ವರನನ್ನು ಕುರಿತು ನಡೆದ ವಾದವನ್ನು ಆಸ್ತಿಕರಿಗೂ ನಾಸ್ತಿಕರಿಗೂ ನಡೆದ ಕಲಹವೆಂದು ವರ್ಣಿಸುವುದು ವಾಡಿಕೆಯಾಗಿದೆ. ನೈಯಾಯಿಕರು ಮತ್ತು ಬೌದ್ಧರು ಉದ್ಯೋತಕರನಿಂದ (6ನೆಯ ಶತಮಾನ) ರತ್ನಕೀರ್ತಿಯವರೆಗೆ (11ನೆಯ ಶತಮಾನ) ನಡೆಸಿದ ವಾದಪರಂಪರೆಗೆ ಈ ವರ್ಣನೆ ಪೂರ್ತಿಯಾಗಿ ಒಪ್ಪುವುದಿಲ್ಲ. ಈಶ್ವರನನ್ನೇ ಪರತತ್ತ್ವವೆಂದು ನಂಬಿದ ರಾಮಾನುಜರು ಕೂಡ ಶ್ರೀಭಾಷ್ಯದಲ್ಲಿ, ಬ್ರಹ್ಮವು ಶಾಸ್ತ್ರದಿಂದಲೇ ತಿಳಿಯತಕ್ಕದ್ದೆಂದು ಹೇಳುವ ಸೂತ್ರದ ಸಂದರ್ಭದಲ್ಲಿ, ನೈಯಾಯಿಕರ ಅನುಮಾನವನ್ನು ತಳ್ಳಿಹಾಕಿದ್ದಾರೆ. ವಿವಾದದ ಕೇಂದ್ರದಲ್ಲಿದ್ದುದು ದೇವರ ಮಹಿಮೆಯಲ್ಲ, ಅನುಮಾನಪ್ರಮಾಣದ ಮೇರೆ. ಕಂಡದ್ದನ್ನು ಆಧರಿಸಿ ಕಾಣದ್ದನ್ನು ಸಾಧಿಸುವ ಅಧಿಕಾರ ಬುದ್ಧಿಗೆ ಎಲ್ಲಿಯವರೆಗೆ ಇದೆ ಎಂಬುದೇ ಅಲ್ಲಿನ ಮೂಲ ಪ್ರಶ್ನೆ.

ಬೌದ್ಧರು ಈ ಪ್ರಶ್ನೆಗೆ ಕೊಟ್ಟ ಉತ್ತರ ಒಂದೇ ಎಂಬಂತೆ ಅನೇಕ ವಿವರಣೆಗಳಲ್ಲಿ ಕಾಣುತ್ತದೆ. ವಾಸ್ತವವಾಗಿ ಧರ್ಮಕೀರ್ತಿಯ ಉತ್ತರವೂ ರತ್ನಕೀರ್ತಿಯ ಉತ್ತರವೂ ಒಂದೇ ಗುರಿಯವಾದರೂ ಅವುಗಳ ವ್ಯಾಪ್ತಿ ಬೇರೆ ಬೇರೆ. ಮೊದಲನೆಯದು ಈಶ್ವರಾನುಮಾನವೊಂದನ್ನು ಮಾತ್ರ ಬೀಳಿಸುತ್ತದೆ. ಎರಡನೆಯದು ಅದರೊಡನೆ ನೆರೆಮನೆಯವನ ಮನಸ್ಸನ್ನೂ ಅನುಮಾನದ ಎಲ್ಲೆಯಿಂದ ಹೊರಗಿಡುತ್ತದೆ. ಈ ವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ನ್ಯಾಯಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಈಶ್ವರನ ಪ್ರಸ್ತಾಪವಿರುವುದು ಮೂರು ಸೂತ್ರಗಳಲ್ಲಿ ಮಾತ್ರ. ಅದೂ ಪುರುಷನ ಕರ್ಮಕ್ಕೂ ಫಲಕ್ಕೂ ಇರುವ ಸಂಬಂಧವನ್ನು ವಿಚಾರಿಸುವಾಗ. ಅದನ್ನು ಒಂದು ವ್ಯವಸ್ಥಿತ ಸಾಧನೆಯಾಗಿ ಬೆಳೆಸಿದವರು ಮುಂದಿನ ವ್ಯಾಖ್ಯಾನಕಾರರು. ಪರಮಾಣುಗಳೂ ಕರ್ಮವೂ ಅಚೇತನವಾದ್ದರಿಂದ ಅವು ತಾವಾಗಿಯೇ ಪ್ರವರ್ತಿಸಲಾರವು ಎಂಬುದು ಉದ್ಯೋತಕರನ ನಿಲುವು. ಬಡಗಿಯ ಕೈಯಿಲ್ಲದೆ ಬಾಚಿಯು ಮರವನ್ನು ಕೆತ್ತುವುದಿಲ್ಲವೆಂಬುದು ಅವನ ದೃಷ್ಟಾಂತ.

ವಾಚಸ್ಪತಿಮಿಶ್ರನ ಕಾಲಕ್ಕೆ (9-10ನೆಯ ಶತಮಾನ) ಈ ವಾದವು ಖಚಿತವಾದ ರೂಪವನ್ನು ತಾಳಿತ್ತು. ವಿವಾದಕ್ಕೆ ಒಳಗಾಗಿರುವ ಮೊಳಕೆ, ಮರ, ಬೆಟ್ಟ ಮುಂತಾದವಕ್ಕೆ ಬುದ್ಧಿಯುಳ್ಳ ಕರ್ತೃವೊಬ್ಬನಿದ್ದಾನೆ; ಏಕೆಂದರೆ ಅವು ಕಾರ್ಯಗಳು; ಯಾವುದು ಕಾರ್ಯವೋ ಅದು ಮಡಕೆಯಂತೆ ಕರ್ತೃವುಳ್ಳದ್ದು. ಇಲ್ಲಿ ಮೊಳಕೆ ಮೊದಲಾದವು ಪಕ್ಷ, ಕಾರ್ಯತ್ವವು ಹೇತು, ಕರ್ತೃವನ್ನು ಪಡೆದಿರುವುದು ಸಾಧ್ಯ. ಕರ್ತೃವೆಂದರೆ ಉಪಾದಾನದ ಅರಿವು, ಮಾಡಬೇಕೆಂಬ ಇಚ್ಛೆ ಮತ್ತು ಪ್ರಯತ್ನ ಈ ಮೂರನ್ನೂ ಉಳ್ಳವನು. ಬೆಟ್ಟದ ಉಪಾದಾನವಾದ ಪರಮಾಣುಗಳನ್ನು ಸಾಮಾನ್ಯ ಜೀವನು ಅರಿಯಲಾರನಾದ್ದರಿಂದ ಆ ಕರ್ತೃವು ಸರ್ವಜ್ಞನೇ ಆಗಿರಬೇಕೆಂಬುದು ಮುಂದಿನ ಹೆಜ್ಜೆ. ಕುಂಬಾರನಿಗೆ ದೇಹವಿದೆ, ಈಶ್ವರನಿಗಿಲ್ಲ ಎಂಬ ಆಕ್ಷೇಪಕ್ಕೆ ನೈಯಾಯಿಕನು ಅಂಜುವುದಿಲ್ಲ. ಅನುಮಾನವು ಮೊದಲು ಸಾಧಿಸುವುದು ಕರ್ತೃಸಾಮಾನ್ಯವನ್ನು. ಅವನ ವಿಶೇಷಗಳು ಪಕ್ಷದ ಸ್ವರೂಪದಿಂದ ಒದಗುತ್ತವೆ. ಬೆಟ್ಟದ ಮೇಲಿನ ಬೆಂಕಿಯನ್ನು ಅನುಮಾನಿಸಿದವನಿಗೆ ದೊರೆಯುವುದು ಬೆಟ್ಟದ ಬೆಂಕಿಯೇ ಹೊರತು ಅಡುಗೆಮನೆಯ ಬೆಂಕಿಯಲ್ಲ.

ಪಾಶ್ಚಾತ್ಯರ ರಚನಾಕೌಶಲದ ವಾದದೊಡನೆ ಇದನ್ನು ಸಮೀಕರಿಸುವುದು ಸರಿಯಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ಜಗತ್ತಿನ ಸೊಬಗಾಗಲಿ ಜಟಿಲತೆಯಾಗಲಿ ಇಲ್ಲಿ ಹೇತುವಲ್ಲ. ಒಂದು ವಸ್ತುವು ಮೊದಲು ಇರದೆ ಆಮೇಲೆ ಉಂಟಾಯಿತೆಂಬಷ್ಟೇ ಸಾಕು. ಹುಲ್ಲಿನ ಗರಿಯೊಂದರಿಂದಲೂ ಇದು ನಡೆಯುತ್ತದೆ. ಈ ಹೇತುವಿನ ಬಲವೂ ದೌರ್ಬಲ್ಯವೂ ಅದರ ಈ ವೈಶಾಲ್ಯದಲ್ಲೇ ಇವೆ.

3

ಧರ್ಮಕೀರ್ತಿಯು (6-7ನೆಯ ಶತಮಾನ) ಪ್ರಮಾಣವಾರ್ತಿಕದ ಪ್ರಮಾಣಸಿದ್ಧಿ ಪರಿಚ್ಛೇದದಲ್ಲಿ ಎದುರಿಸಿದ್ದು ಈ ವಾದದ ಹಿಂದಿನ ರೂಪವನ್ನು. ಅಲ್ಲಿ ಹೇತುವು ಅವಯವಗಳ ಸನ್ನಿವೇಶ, ಅಂದರೆ ವಿಶಿಷ್ಟ ಜೋಡಣೆ. ಜೋಡಣೆಯಿಂದ ಕರ್ತೃವನ್ನು ಊಹಿಸುವುದೇ ತಪ್ಪೆಂದು ಅವನು ಹೇಳುವುದಿಲ್ಲ. ಪಾಳುಬಿದ್ದ ಗುಡಿಯೊಂದನ್ನು ಕಂಡವನು ಅದನ್ನು ಕಟ್ಟಿದವನನ್ನು ಕಾಣದೆ ಹೋದರೂ ಯಾರೋ ಕಟ್ಟಿರಬೇಕೆಂದು ತಿಳಿಯುವುದು ಯುಕ್ತವೇ. ಅಂಥ ಜೋಡಣೆಯು ಮನುಷ್ಯಪ್ರಯತ್ನವಿದ್ದಾಗ ಉಂಟಾಗಿ, ಇಲ್ಲದಿದ್ದಾಗ ಉಂಟಾಗದಿರುವುದನ್ನು ಅವನು ಕಂಡಿದ್ದಾನೆ. ಆದರೆ ಬೆಟ್ಟವನ್ನು ನೋಡಿದವನಿಗೆ ಆ ಬುದ್ಧಿ ಹುಟ್ಟುವುದಿಲ್ಲ. ಎರಡಕ್ಕೂ ‘ಜೋಡಣೆ’ ಎಂಬ ಹೆಸರೊಂದೇ ಸಮಾನ.

ಹೆಸರಿನ ಸಾಮ್ಯದಿಂದ ವಸ್ತುವನ್ನು ಸಾಧಿಸಹೊರಟರೆ ಏನಾಗುವುದೆಂಬುದನ್ನು ಅವನು ಹುತ್ತದ ಉದಾಹರಣೆಯಿಂದ ತೋರಿಸುತ್ತಾನೆ. ಮಡಕೆಯು ಮಣ್ಣಿನ ವಿಕಾರ, ಅದನ್ನು ಮಾಡಿದವನು ಕುಂಬಾರ. ಹುತ್ತವೂ ಮಣ್ಣಿನ ವಿಕಾರವೇ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆಂದು ಹೇಳಬೇಕಾಗುತ್ತದೆ. ಬಿಳಿಬೂದಿ ಬಣ್ಣವನ್ನು ಮಾತ್ರ ಹಿಡಿದು ಬೆಂಕಿಯನ್ನು ಅನುಮಾನಿಸುವವನ ಸ್ಥಿತಿಯೂ ಇದೇ. ಹೊಗೆಗೆ ಆ ಬಣ್ಣವಿದೆ ನಿಜ. ಆದರೆ ಬೆಂಕಿಯಿಂದ ಹುಟ್ಟುವುದು ಹೊಗೆಯೇ ಹೊರತು ಆ ಬಣ್ಣದ ವಸ್ತುಗಳೆಲ್ಲವೂ ಅಲ್ಲ.

ಇದಕ್ಕೆ ನೈಯಾಯಿಕನು ಕೊಡಬಹುದಾದ ಪ್ರತ್ಯುತ್ತರ ಗಂಭೀರವಾದದ್ದು. ಮಡಕೆಯ ಕಾರ್ಯತ್ವ ಬೇರೆ, ಮೊಳಕೆಯ ಕಾರ್ಯತ್ವ ಬೇರೆ ಎಂದು ಬಿಡಿಸಿದರೆ, ಅಡುಗೆಮನೆಯ ಹೊಗೆ ಬೇರೆ, ಬೆಟ್ಟದ ಹೊಗೆ ಬೇರೆ ಎಂದೂ ಬಿಡಿಸಬಹುದು. ಆಗ ಯಾವ ಅನುಮಾನವೂ ಉಳಿಯದು. ನ್ಯಾಯಶಾಸ್ತ್ರವು ಇಂಥ ಆಕ್ಷೇಪವನ್ನು ‘ಕಾರ್ಯಸಮ’ವೆಂಬ ಹುಸಿ ಉತ್ತರಗಳ ಸಾಲಿಗೆ ಸೇರಿಸಿದೆ. ಧರ್ಮಕೀರ್ತಿಗೆ ಈ ಅಪಾಯದ ಅರಿವಿತ್ತು. ಆಶ್ರಯ ಬೇರೆಯಾದ ಮಾತ್ರಕ್ಕೆ ಹೇತುವು ಬೇರೆಯಾಗುವುದಿಲ್ಲವೆಂದು ಅವನೂ ಒಪ್ಪುತ್ತಾನೆ. ಅವನು ಕೇಳುವುದು, ಯಾವ ಬಗೆಯ ವಸ್ತುವಿಗೆ ಆ ಕಾರಣದೊಡನೆ ಸಂಬಂಧವು ಕಂಡುಬಂದಿದೆಯೋ ಆ ಬಗೆಯೇ ಇಲ್ಲಿಯೂ ಇದೆಯೇ ಎಂದು. ಬೆಟ್ಟದಲ್ಲಿ ಕಾಣುವುದು ಹೊಗೆಯ ಬಗೆಯದೇ. ಮೊಳಕೆಯಲ್ಲಿ ಕಾಣುವುದು ಮಡಕೆಯ ಬಗೆಯದಲ್ಲ.

4

ಉದಯನನ ಸಮಕಾಲೀನವೆನ್ನಬಹುದಾದ ಕಾಲದಲ್ಲಿ ವಿಕ್ರಮಶಿಲೆಯ ಜ್ಞಾನಶ್ರೀಮಿತ್ರನೂ ಅವನ ಶಿಷ್ಯನಾದ ರತ್ನಕೀರ್ತಿಯೂ ವಾದವನ್ನು ಮತ್ತೊಂದು ನೆಲೆಗೆ ಒಯ್ದರು. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಲ್ಲಿ ಕಂಡುಹಿಡಿದ ಹಸ್ತಪ್ರತಿಗಳನ್ನು ಆಧರಿಸಿ ಅನಂತಲಾಲ ಠಾಕೂರರು ರತ್ನಕೀರ್ತಿಯ ನಿಬಂಧಗಳನ್ನು 1957ರಲ್ಲಿ ಪಾಟ್ನಾದಿಂದ ಪ್ರಕಟಿಸಿದ ಮೇಲೆ ಈ ಘಟ್ಟದ ಪೂರ್ಣ ಪರಿಚಯ ವಿದ್ವಾಂಸರಿಗೆ ಆಯಿತು.

ಆ ವೇಳೆಗೆ ನೈಯಾಯಿಕರು ತಮ್ಮ ಕೋಟೆಯನ್ನು ಭದ್ರಪಡಿಸಿಕೊಂಡಿದ್ದರು. ಕಾಡಿನಲ್ಲಿ ಯಾರೂ ಬಿತ್ತದೆ ಹುಲ್ಲು ಬೆಳೆಯುವುದಲ್ಲವೇ ಎಂದು ಕೇಳಿದರೆ, ಆ ಹುಲ್ಲು ಪಕ್ಷದಲ್ಲಿಯೇ ಸೇರಿದೆ, ವಿವಾದದಲ್ಲಿರುವ ವಸ್ತುವನ್ನೇ ವ್ಯಭಿಚಾರದ ನಿದರ್ಶನವಾಗಿ ಕೊಡಲಾಗದು ಎಂದು ಅವರು ಉತ್ತರಿಸುತ್ತಿದ್ದರು. ಕಾರ್ಯತ್ವಕ್ಕೂ ಕರ್ತೃವಿಗೂ ಇರುವ ಸಂಬಂಧವು ಸ್ವಾಭಾವಿಕವಾದದ್ದು. ಅದು ಬೇರೊಂದು ಉಪಾಧಿಯನ್ನು ಅವಲಂಬಿಸಿದೆಯೆಂದು ಯಾರಾದರೂ ತೋರಿಸುವವರೆಗೆ ಆ ವ್ಯಾಪ್ತಿಯು ನಿಲ್ಲುತ್ತದೆ ಎಂಬುದು ಅವರ ನಿಲುವು.

ಈಶ್ವರಸಾಧನದೂಷಣದಲ್ಲಿ ರತ್ನಕೀರ್ತಿಯು ಇದಕ್ಕೆ ಒಡ್ಡುವ ವಿಕಲ್ಪ ಹೀಗಿದೆ. ವ್ಯಾಪ್ತಿಯಲ್ಲಿ ಹೇಳಿರುವ ಕರ್ತೃವು ಕಾಣತಕ್ಕವನೇ, ಅಥವಾ ಕಾಣತಕ್ಕವನನ್ನೂ ಕಾಣಲಾಗದವನನ್ನೂ ಒಳಗೊಂಡ ಕರ್ತೃಸಾಮಾನ್ಯವೇ? ಕಾಣತಕ್ಕವನೆಂದರೆ ಕಾಡಿನ ಹುಲ್ಲಿನಲ್ಲಿಯೇ ವ್ಯಾಪ್ತಿ ಮುರಿಯುತ್ತದೆ. ಅಲ್ಲಿ ಅಂಥವನಿದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ. ಪಕ್ಷದಲ್ಲಿ ಸೇರಿದೆಯೆಂಬ ಮಾತು ಪ್ರತ್ಯಕ್ಷವನ್ನು ತಡೆಯಲಾರದು. ಕರ್ತೃಸಾಮಾನ್ಯವೆಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ವ್ಯಾಪ್ತಿ ನಿಶ್ಚಯವಾಗಲು ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು: ಕರ್ತೃವಿಲ್ಲದಾಗ ಕಾರ್ಯವೂ ಇಲ್ಲವೆಂಬುದನ್ನು ಎಲ್ಲಾದರೂ ಕಂಡಿರಬೇಕು. ಕಾಣಲಾಗದ ಕರ್ತೃವನ್ನೂ ಒಳಗೊಂಡ ಸಾಮಾನ್ಯದ ಅಭಾವವನ್ನು ಕಾಣುವುದೆಲ್ಲಿ? ಕುಂಬಾರನಿಲ್ಲದೆ ಮಡಕೆಯಾಗಲಿಲ್ಲವೆಂದು ತೋರಿಸಬಹುದು. ಆಗ ಅದೃಶ್ಯ ಕರ್ತೃವೂ ಅಲ್ಲಿರಲಿಲ್ಲವೆಂದು ತೋರಿಸಲಾಗದು. ಹೊಗೆ ಬೆಂಕಿಗಳ ವಿಷಯದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಬೆಂಕಿಯೆಂದರೆ ಕಣ್ಣಿಗೆ ಕಾಣುವ ಬೆಂಕಿ. ಅದರ ಅಭಾವವನ್ನು ಕಾಣಬಹುದು. ಹೊಟ್ಟೆಯೊಳಗಿನ ಜಠರಾಗ್ನಿಯನ್ನೂ ಆ ಮಾತಿನಲ್ಲಿ ಸೇರಿಸಿದರೆ ಹೊಗೆಯ ಅನುಮಾನವೂ ಕೆಡುತ್ತದೆ.

ಧರ್ಮಕೀರ್ತಿಯು ಹೇತುವನ್ನು ಒಡೆದರೆ ರತ್ನಕೀರ್ತಿಯು ಸಾಧ್ಯವನ್ನು ಒಡೆಯುತ್ತಾನೆ. ಈ ಸ್ಥಾನಾಂತರವು ಸಣ್ಣದಾಗಿ ಕಂಡರೂ ಅದರ ಪರಿಣಾಮ ದೊಡ್ಡದು.

5

ಆ ಪರಿಣಾಮವನ್ನು ಅಳೆಯಲು ಇನ್ನೊಬ್ಬರ ಮನಸ್ಸಿನ ಪ್ರಶ್ನೆಯೇ ಸರಿಯಾದ ಒರೆಗಲ್ಲು. ಧರ್ಮಕೀರ್ತಿಯು ಸಂತಾನಾಂತರಸಿದ್ಧಿ ಎಂಬ ಕಿರುಗ್ರಂಥವನ್ನು ಬರೆದನು. ಅದು ಟಿಬೆಟನ್ ಅನುವಾದದಲ್ಲಿ ಉಳಿದುಬಂದಿದೆ. ತನ್ನಲ್ಲಿ ಇಚ್ಛೆ ಹುಟ್ಟಿದ ಮೇಲೆ ಮಾತೂ ಚಲನೆಯೂ ಉಂಟಾಗುವುದನ್ನು ಅರಿತವನು, ತನ್ನ ಇಚ್ಛೆಯಿಲ್ಲದೆ ತೋರುವ ಮಾತು ಮತ್ತು ಚಲನೆಗಳಿಗೆ ಮತ್ತೊಂದು ಚಿತ್ತಸಂತಾನವನ್ನು ಕಾರಣವಾಗಿ ಅನುಮಾನಿಸಬಹುದೆಂಬುದು ಅದರ ತಿರುಳು. ಈ ಅನುಮಾನವು ಅವನು ಈಶ್ವರವಾದಕ್ಕೆ ಒಡ್ಡಿದ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಇನ್ನೊಬ್ಬನ ಮಾತು ತನ್ನ ಮಾತಿನ ಬಗೆಯದೇ. ಅಲ್ಲಿರುವುದು ಬರಿಯ ಹೆಸರಿನ ಸಾಮ್ಯವಲ್ಲ. ಈಶ್ವರನನ್ನು ನಿರಾಕರಿಸುತ್ತಲೇ ಪರಚಿತ್ತವನ್ನು ಒಪ್ಪುವುದು ಧರ್ಮಕೀರ್ತಿಗೆ ಅಸಂಗತವಲ್ಲ.

ರತ್ನಕೀರ್ತಿಗೆ ಈ ಅನುಕೂಲವಿಲ್ಲ. ಅವನ ಪರೀಕ್ಷೆ ನಡೆಯುವುದು ಹೇತುವಿನ ಬಗೆಯ ಮೇಲಲ್ಲ, ಸಾಧ್ಯದ ದೃಶ್ಯತೆಯ ಮೇಲೆ. ಪರಚಿತ್ತವು ಎಂದೂ ತನ್ನ ಪ್ರತ್ಯಕ್ಷಕ್ಕೆ ಬಾರದು. ತನ್ನ ಇಚ್ಛೆ ಪರರ ಇಚ್ಛೆ ಎರಡನ್ನೂ ಒಳಗೊಂಡ ಇಚ್ಛಾಸಾಮಾನ್ಯದ ಅಭಾವವನ್ನು ಕಾಣುವುದು, ಕರ್ತೃಸಾಮಾನ್ಯದ ಅಭಾವವನ್ನು ಕಾಣುವುದರಷ್ಟೇ ಅಸಾಧ್ಯ. ರತ್ನಕೀರ್ತಿಯು ಇದನ್ನು ಕಾಣದೆ ಹೋಗಲಿಲ್ಲ, ಮರೆಮಾಡಲೂ ಇಲ್ಲ. ಸಂತಾನಾಂತರದೂಷಣವೆಂಬ ನಿಬಂಧದಲ್ಲಿ ಅವನು ಇದೇ ವಿಕಲ್ಪವನ್ನು ಪರಚಿತ್ತದ ಅನುಮಾನದ ಮೇಲೂ ಪ್ರಯೋಗಿಸಿ, ಪರಮಾರ್ಥದಲ್ಲಿ ಪರಸಂತಾನವು ಸಿದ್ಧವಾಗದೆಂದು ನಿರ್ಣಯಿಸುತ್ತಾನೆ. ಲೋಕವ್ಯವಹಾರದಲ್ಲಿ ಗುರುವೂ ಶಿಷ್ಯನೂ ಇರಬಹುದು. ಪ್ರಮಾಣದ ಕಟ್ಟಕಡೆಯ ನೆಲೆಯಲ್ಲಿ ಆ ಭೇದಕ್ಕೆ ಆಧಾರವಿಲ್ಲ. ಹೀಗೆ ಈಶ್ವರನನ್ನು ಕೆಡವಿದ ಆಯುಧವನ್ನು ಅವನು ತನ್ನ ಪರಂಪರೆಯ ಆಚಾರ್ಯನ ಗ್ರಂಥದ ಮೇಲೂ ಎತ್ತಿದನು.

ನೈಯಾಯಿಕನ ದೃಷ್ಟಿಯಿಂದ ನೋಡಿದರೆ ಇದೇ ಅವನ ಪ್ರಬಲವಾದ ಮರುವಾದವಾಗುತ್ತದೆ. ಅದೃಶ್ಯವನ್ನು ಅನುಮಾನಿಸಲು ವ್ಯತಿರೇಕದ ದರ್ಶನವೇ ಬೇಕೆಂದರೆ ಎದುರು ಕುಳಿತ ಪ್ರತಿವಾದಿಯೂ ಕೈತಪ್ಪುತ್ತಾನೆ; ಆಗ ವಾದವೇ ನಿಲ್ಲುವುದೆಲ್ಲಿ? ಈ ಮರುವಾದಕ್ಕೆ ಒಂದು ಮಿತಿಯೂ ಇದೆ. ಅದು ರತ್ನಕೀರ್ತಿಯ ನಿಯಮವು ದುಬಾರಿಯೆಂದು ತೋರಿಸಬಲ್ಲದು, ಮೊಳಕೆಯು ಮಡಕೆಯ ಬಗೆಯದೆಂದು ತೋರಿಸಲಾರದು. ಆ ಭಾರವನ್ನು ಇಳಿಸಲು ಉದಯನನು ನ್ಯಾಯಕುಸುಮಾಂಜಲಿಯಲ್ಲಿ ಮೊರೆಹೋಗುವುದು ತರ್ಕಕ್ಕೆ: ಕರ್ತೃವಿಲ್ಲದೆ ಕಾರ್ಯವಾಗುವುದಾದರೆ ಉಳಿದ ಕಾರಣಗಳ ನಿಯಮವೂ ಸಡಿಲವಾದೀತು ಎಂದು. ಆದರೆ ಬೀಜ, ನೀರು, ಮಣ್ಣುಗಳು ಸೇರಿದಾಗ ಮೊಳಕೆಯಾಗುವ ನಿಯಮವನ್ನು ಬೌದ್ಧನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಆ ಸಾಮಗ್ರಿಯಲ್ಲಿ ಕರ್ತೃವಿಗೂ ಸ್ಥಾನವಿದೆಯೇ ಎಂಬುದೇ ವಿವಾದ. ಹೀಗಾಗಿ ತರ್ಕವು ಸಾಧಿಸಬೇಕಾದುದನ್ನೇ ಮೊದಲು ಒಪ್ಪಿಕೊಂಡಂತೆ ಕಾಣುತ್ತದೆ.

ಬೌದ್ಧಪಕ್ಷವನ್ನು ಒಂದೇ ಉತ್ತರವಾಗಿ ಕಾಣುವ ವಿಮರ್ಶೆಗೆ ಈ ನಿರ್ಣಾಯಕ ಭೇದ ಕಾಣದೆ ಹೋಗುತ್ತದೆ. ಧರ್ಮಕೀರ್ತಿಯ ಉತ್ತರವನ್ನು ಹಿಡಿದವನು ಕುಂಬಾರನನ್ನೂ ನೆರೆಯವನನ್ನೂ ಉಳಿಸಿಕೊಂಡು ಬೆಟ್ಟದ ಕರ್ತೃವನ್ನು ಮಾತ್ರ ಬಿಡಬಹುದು. ಆದರೆ ವಸ್ತುಗಳ ‘ಬಗೆ’ಯನ್ನು ಎಲ್ಲಿ ಕೊಯ್ದು ಬೇರ್ಪಡಿಸಬೇಕೆಂಬ ಪ್ರಶ್ನೆಗೆ ಅವನು ಪ್ರತಿ ಸಂದರ್ಭದಲ್ಲಿಯೂ ಉತ್ತರಿಸಬೇಕಾಗುತ್ತದೆ. ರತ್ನಕೀರ್ತಿಯ ಉತ್ತರದಲ್ಲಿ ಆ ಅನಿಶ್ಚಯವಿಲ್ಲ, ನಿಯಮವು ಸ್ಪಷ್ಟವಾಗಿದೆ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಈಶ್ವರನೊಬ್ಬನಿಗೆ ಮುಗಿಯುವುದಿಲ್ಲ.