ಕರ್ಣ ದಾಟಿದ ದಾರಿಗಳನ್ನು ಎಣಿಸುವ ಬಗೆ

ಜಕ್ಕೂರಿನ ಲೇಔಟುಗಳಲ್ಲಿ ಮೇನು, ಕ್ರಾಸುಗಳು ಒಂದನ್ನೊಂದು ಕತ್ತರಿಸುವ ಹಾಗೆ ಕಾಗದದ ಮೇಲೆ ಚೌಕಗಳನ್ನು ಎಳೆದುಕೊಳ್ಳಿ. ನೈಋತ್ಯದ ಮೂಲೆಯಿಂದ ಈಶಾನ್ಯಕ್ಕೆ ಹೊರಟವರು 4 ಹೆಜ್ಜೆ ಪೂರ್ವಕ್ಕೆ, 4 ಹೆಜ್ಜೆ ಉತ್ತರಕ್ಕೆ ಇಡಬೇಕು. ಎಂಟರಲ್ಲಿ ಉತ್ತರದ ನಾಲ್ಕು ಯಾವುವೆಂದು ಆರಿಸಿದರೆ ದಾರಿ ಗೊತ್ತಾಯಿತು; ಅಂಥ ದಾರಿಗಳು 70. ಈಗೊಂದು ಷರತ್ತು: ಮೂಲೆಯಿಂದ ಮೂಲೆಗೆ ಎಳೆದ ಕರ್ಣವನ್ನು ಮುಟ್ಟಬಹುದು, ದಾಟಿ ಮೇಲೆ ಹೋಗಬಾರದು. ಎಷ್ಟು ದಾರಿ ಉಳಿಯುತ್ತವೆ?

ಒಳ್ಳೆಯ ದಾರಿಗಳನ್ನು ನೇರವಾಗಿ ಎಣಿಸುವುದು ಕಷ್ಟ. ತಪ್ಪಿದವನ್ನು ಎಣಿಸುವುದು ಸುಲಭ, ಈ ವಿಷಯದ ಸೊಗಸೆಲ್ಲ ಅಲ್ಲೇ ಇದೆ. 'ಪೂ ಉ ಉ ಪೂ ಉ ಪೂ ಪೂ ಉ' ಎಂಬ ದಾರಿ ನೋಡಿ. ಮೂರನೇ ಹೆಜ್ಜೆಗೆ ಅದು ಕರ್ಣದಾಚೆ ಬಿತ್ತು. ಅಲ್ಲಿಯವರೆಗಿನದನ್ನು ಹಾಗೇ ಬಿಟ್ಟು, ಮುಂದಿನ ಹೆಜ್ಜೆಗಳಲ್ಲಿ ಪೂರ್ವವನ್ನು ಉತ್ತರ, ಉತ್ತರವನ್ನು ಪೂರ್ವ ಮಾಡಿ: 'ಪೂ ಉ ಉ ಉ ಪೂ ಉ ಉ ಪೂ'. ಈಗ ಪೂರ್ವ 3, ಉತ್ತರ 5. ತಪ್ಪಿದ ದಾರಿ ಯಾವುದಾದರೂ ಹೀಗೆ 3-5 ಆಗುತ್ತದೆ. 3-5ರ ಯಾವ ದಾರಿಯೂ ಎಲ್ಲೋ ಒಂದು ಕಡೆ ಕರ್ಣ ದಾಟಲೇಬೇಕು. ಮೊದಲು ದಾಟಿದಲ್ಲಿಂದ ಮತ್ತೆ ಅದಲುಬದಲು ಮಾಡಿದರೆ ಮೂಲದಾರಿ ವಾಪಸು ಸಿಗುತ್ತದೆ. ಆದ್ದರಿಂದ ತಪ್ಪಿದವು ಸರಿಯಾಗಿ 56, ಉಳಿದವು 14.

ಈ ಅದಲುಬದಲು ಎಂದರೆ ದಾರಿಯ ಉಳಿದ ಭಾಗವನ್ನು ಕನ್ನಡಿಯಲ್ಲಿ ನೋಡಿದಂತೆ. ಎಡವುವುದು ಆ ಕನ್ನಡಿಯ ಜಾಗದಲ್ಲಿ. ಕನ್ನಡಿ ನಿಲ್ಲಬೇಕಾದದ್ದು ಕರ್ಣದ ಮೇಲಲ್ಲ, ಅದಕ್ಕಿಂತ ಒಂದು ಹೆಜ್ಜೆ ಮೇಲಿನ ಗೆರೆಯಲ್ಲಿ. ಕರ್ಣದ ಮೇಲೇ ನಿಲ್ಲಿಸಿದರೆ ಕೊನೆಯ ಮೂಲೆ ಕದಲುವುದಿಲ್ಲ, 70ರಲ್ಲಿ 70 ಕಳೆದು ಸೊನ್ನೆ ಬರುತ್ತದೆ. ಉತ್ತರ ಸೊನ್ನೆಯಾದರೆ ಗೆರೆ ತಪ್ಪಿದೆ ಎಂದೇ ತಿಳಿಯಿರಿ.

ಇದೇ ಲೆಕ್ಕ ಮತ ಎಣಿಕೆಗೂ ಸಲ್ಲುತ್ತದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದು, 40,751 ಪಡೆದ ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಮತದಿಂದ ಸೋಲಿಸಿದರು. ಇವರಿಬ್ಬರ ಮತಗಳನ್ನು ಚೆನ್ನಾಗಿ ಕಲೆಸಿ ಒಂದೊಂದಾಗಿ ಎಣಿಸಿದ್ದರೆ, ಗೆದ್ದವರು ಒಮ್ಮೆಯೂ ಹಿಂದೆ ಬೀಳದಿರುವ ಸಾಧ್ಯತೆ ಎಷ್ಟು? ಹಿಂದೆ ಬಿದ್ದ ಕ್ಷಣದಿಂದ ಮುಂದಿನ ಮತಗಳನ್ನೆಲ್ಲ ಅದಲುಬದಲು ಮಾಡಿದರೆ ಲೆಕ್ಕ ತಿರುಗಿ 40,750–40,753 ಆಗುತ್ತದೆ. ಅಂಥ ಕ್ರಮಗಳ ಸಂಖ್ಯೆಯನ್ನು ಒಟ್ಟು ಕ್ರಮಗಳ ಸಂಖ್ಯೆಯಿಂದ ಭಾಗಿಸಿದರೆ ತಪ್ಪಿದ ಕ್ರಮಗಳ ಪಾಲು 40,751/40,753. ಉಳಿಯುವುದು 2/40,753, ಅಂದರೆ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು. ನಿಜವಾದ ಎಣಿಕೆಗೆ ಇದನ್ನು ಹಚ್ಚಬೇಡಿ: ಮತಯಂತ್ರಗಳಿಂದ ಮತಗಳು ಬೂತಿನ ಲೆಕ್ಕದಲ್ಲಿ ಗುಂಪಾಗಿ ಬರುತ್ತವೆ, ಕಲೆತಿರುವುದಿಲ್ಲ.

ಪುಸ್ತಕಗಳು ಈ ಉಪಾಯವನ್ನು ಫ್ರಾನ್ಸಿನ ದೇಸಿರೆ ಆಂದ್ರೆಯ ಹೆಸರಿಗೆ ಬರೆಯುತ್ತವೆ. 1887ರ ಅವರ ಬರಹದಲ್ಲಿ ಕನ್ನಡಿಯೇ ಇಲ್ಲ, ಬೇರೊಂದು ಜಾಣ ವಾದವಿದೆ. ಪ್ರತಿಬಿಂಬ ಬಂದದ್ದು 1923ರಲ್ಲಿ, ಏಬ್ಲಿ ಎಂಬವರ ಬರಹದಲ್ಲಿ. ಕರ್ಣದ ಬದಲು ಪೂರ್ವಕ್ಕೆ ಒಂದು, ಉತ್ತರಕ್ಕೆ ಎರಡರಂತೆ ಏರುವ ಗೆರೆ ಹಾಕಿದರೆ ಕನ್ನಡಿ ಕೈಕೊಡುತ್ತದೆ. ಅಲ್ಲಿ ಪೂರ್ವದ ಹೆಜ್ಜೆಯ ಪ್ರತಿಬಿಂಬ ಉತ್ತರದ ಹೆಜ್ಜೆಯಾಗುವುದಿಲ್ಲ. ಆಂದ್ರೆಯ ಹಳೆಯ ವಾದವನ್ನು ಮಾತ್ರ ಅಂಥ ಗೆರೆಗೂ ಹಿಗ್ಗಿಸಬಹುದು.