ಸಿದ್ಧರಾಮೇಶ್ವರರ ದೀಕ್ಷೆ: ಸಂಶೋಧನ ಲೇಖನವೊಂದನ್ನು ಪರಿಶೀಲಿಸುವ ಬಗೆ

ವಚನ ಸಾಹಿತ್ಯವನ್ನು ಕುರಿತ ಸಂಶೋಧನ ಲೇಖನವೊಂದು ಪ್ರಕಟಣೆಗೆ ಬಂದಾಗ, ಅದನ್ನು ಪರಿಶೀಲಿಸುವ ವಿಮರ್ಶಕನ ಮುಂದೆ ಮೂರು ಪ್ರಶ್ನೆಗಳು ನಿಲ್ಲುತ್ತವೆ. ಲೇಖಕನು ಹೇಳುತ್ತಿರುವುದು ಏನು, ಆ ಮಾತಿಗೆ ಆಧಾರ ಯಾವುದು, ಮತ್ತು ಈ ವಿಷಯದಲ್ಲಿ ಹಿಂದಿನ ವಿದ್ವಾಂಸರು ಮಾಡಿದ ಕೆಲಸವನ್ನು ಅವನು ಹೇಗೆ ಬಳಸಿಕೊಂಡಿದ್ದಾನೆ ಎಂಬುವೇ ಆ ಪ್ರಶ್ನೆಗಳು. ಇವು ಕೇಳುವುದಕ್ಕೆ ಸುಲಭವಾಗಿದ್ದರೂ ಉತ್ತರಿಸಲು ಹೊರಟಾಗ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಲ್ಯಾಣದಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರೇ ಎಂಬ ಪ್ರಶ್ನೆ ಇದಕ್ಕೆ ಒಳ್ಳೆಯ ನಿದರ್ಶನ. ಭಕ್ತರ ಪಾಲಿಗೆ ಅದು ಶ್ರದ್ಧೆಯ ವಿಷಯ. ಸಾಹಿತ್ಯದ ವಿದ್ಯಾರ್ಥಿಗೆ ಅದು ಗ್ರಂಥಗಳ ಕಾಲ ಮತ್ತು ಪಾಠಗಳ ವಿಷಯ. ಎರಡನ್ನೂ ಬೆರೆಸಿದರೆ ಶ್ರದ್ಧೆಗೂ ನ್ಯಾಯವಾಗದು, ಶಾಸ್ತ್ರಕ್ಕೂ ನ್ಯಾಯವಾಗದು.

ದೀಕ್ಷೆ ನಡೆದದ್ದು ಹನ್ನೆರಡನೆಯ ಶತಮಾನದ ಐತಿಹಾಸಿಕ ಸತ್ಯವೆಂದು ಸಾಧಿಸುವ ಲೇಖನವೊಂದು ವಿಮರ್ಶಕನ ಕೈಸೇರಿದೆಯೆಂದು ಭಾವಿಸಬಹುದು. ಅದರಲ್ಲಿ ಶೂನ್ಯಸಂಪಾದನೆಯ ಉಲ್ಲೇಖವಿದೆ. ಸಿದ್ಧರಾಮರ ಅಂಕಿತವುಳ್ಳ ವಚನಗಳ ಉಲ್ಲೇಖವಿದೆ. ಕೆಳಗೆ ಅಡಿಟಿಪ್ಪಣಿಗಳು ಸಾಲುಗಟ್ಟಿವೆ. ಮೇಲ್ನೋಟಕ್ಕೆ ಕೊರತೆಯೇನೂ ಕಾಣದು. ಆದರೆ ವಿಮರ್ಶಕನು ಮೊದಲು ಮಾಡಬೇಕಾದ ಕೆಲಸ ಅಡಿಟಿಪ್ಪಣಿಗಳನ್ನು ಎಣಿಸುವುದಲ್ಲ, ಲೇಖನದ ಪ್ರತಿಜ್ಞೆಯನ್ನು ಬಿಡಿಸಿ ನೋಡುವುದು. 'ಸಿದ್ಧರಾಮರು ದೀಕ್ಷೆ ಪಡೆದರು' ಎಂಬ ಒಂದೇ ವಾಕ್ಯದ ಒಳಗೆ ಮೂರು ಬೇರೆಬೇರೆ ಮಾತುಗಳು ಅಡಗಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಆ ಕ್ರಿಯೆ ನಿಜವಾಗಿ ನಡೆಯಿತು ಎಂಬುದು ಒಂದು. ಸಿದ್ಧರಾಮರು ಚೆನ್ನಬಸವಣ್ಣನವರನ್ನು ಗುರುವೆಂದು ಭಾವಿಸಿದ್ದರು ಎಂಬುದು ಇನ್ನೊಂದು. ಮುಂದಿನ ಕಾಲದ ಶರಣ ಸಮುದಾಯವು ದೀಕ್ಷೆ ನಡೆಯಿತೆಂದು ನಂಬಿತು ಎಂಬುದು ಮತ್ತೊಂದು. ಈ ಮೂರಕ್ಕೂ ಬೇಕಾದ ಸಾಕ್ಷ್ಯ ಒಂದೇ ಬಗೆಯದಲ್ಲ. ಮೂರನೆಯ ಮಾತಿಗೆ ಸಾಕ್ಷ್ಯವನ್ನು ಒದಗಿಸಿ ಮೊದಲನೆಯ ಮಾತನ್ನು ಸಿದ್ಧಾಂತವಾಗಿ ಬರೆಯುವುದು ಇಂಥ ಲೇಖನಗಳಲ್ಲಿ ಎದ್ದು ಕಾಣುವ ದೋಷ. ಅದು ಎಲ್ಲಿ ನುಸುಳುತ್ತದೆಂಬುದನ್ನು ಆಧಾರಗಳನ್ನು ಒಂದೊಂದಾಗಿ ತೆರೆದು ನೋಡಿದಾಗಲೇ ಅರಿಯಬಹುದು.

ಆಧಾರಗಳಲ್ಲಿ ಮುಖ್ಯವಾದುದು ಶೂನ್ಯಸಂಪಾದನೆ. ಈ ಹೆಸರಿನಲ್ಲಿ ಇರುವುದು ಒಂದು ಗ್ರಂಥವಲ್ಲ, ನಾಲ್ಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲನೆಯದನ್ನು ಸಂಕಲಿಸಿದರು. ಅದನ್ನು ಅನುಸರಿಸಿಯೂ ತಿದ್ದಿಯೂ ಹಲಗೆಯ ದೇವರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು ಮತ್ತು ಗೂಳೂರು ಸಿದ್ಧವೀರಣ್ಣೊಡೆಯರು ತಂತಮ್ಮ ಸಂಪಾದನೆಗಳನ್ನು ರಚಿಸಿದರು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಕಂಡು, ಕೆಣಕಿ, ಕೊನೆಗೆ ಕಲ್ಯಾಣಕ್ಕೆ ಕರೆತಂದ ಪ್ರಸಂಗವು ಈ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಇಷ್ಟಲಿಂಗ ದೀಕ್ಷೆಯ ವಿಷಯದಲ್ಲಿ ನಾಲ್ಕು ಸಂಪಾದನೆಗಳು ಒಂದೇ ಮಾತನ್ನು ಆಡುವುದಿಲ್ಲ. ಮೊದಲನೆಯದಾದ ಮಹಾದೇವಯ್ಯನವರ ಕೃತಿಯಲ್ಲಿ ಸಿದ್ಧರಾಮರಿಗೆ ದೀಕ್ಷೆಯಾದ ಪ್ರಸಂಗವಿಲ್ಲ. ಕೊನೆಯದಾದ ಗೂಳೂರು ಸಿದ್ಧವೀರಣ್ಣೊಡೆಯರ ಕೃತಿಯಲ್ಲಿ ಅದು ವಿಸ್ತಾರವಾಗಿಯೇ ಬಂದಿದೆ.

ಲೇಖಕನು 'ಶೂನ್ಯಸಂಪಾದನೆಯಲ್ಲಿ ಹೀಗಿದೆ' ಎಂದಷ್ಟೇ ಬರೆದಿದ್ದರೆ, ಯಾವ ಶೂನ್ಯಸಂಪಾದನೆ ಎಂದು ವಿಮರ್ಶಕನು ಕೇಳಲೇಬೇಕು. ಗೂಳೂರಿನ ಪಾಠವೇ ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದುದರಿಂದ ಶೂನ್ಯಸಂಪಾದನೆಯೆಂದರೆ ಅದೊಂದೇ ಎಂಬ ಭಾವನೆ ಬೆಳೆದಿದೆ. ಲೇಖಕನು ಮೊದಲ ಸಂಪಾದನೆಯನ್ನು ತೆರೆದು ನೋಡಿದ್ದರೆ ಅವನ ಪ್ರಶ್ನೆಯ ರೂಪವೇ ಬದಲಾಗುತ್ತಿತ್ತು. ದೀಕ್ಷೆ ನಡೆಯಿತೇ ಎಂದು ಕೇಳುವ ಮುನ್ನ, ಮೊದಲ ಸಂಕಲನಕಾರನಿಗೆ ಅಗತ್ಯವೆನಿಸದ ಪ್ರಸಂಗ ಮುಂದಿನವರಿಗೆ ಏಕೆ ಅಗತ್ಯವೆನಿಸಿತು ಎಂದು ಅವನು ಕೇಳುತ್ತಿದ್ದನು.

ಶೂನ್ಯಸಂಪಾದನೆಯ ರಚನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರಲ್ಲಿ ಶರಣರ ವಚನಗಳಿವೆ. ಆ ವಚನಗಳನ್ನು ಸಂವಾದವಾಗಿ ಜೋಡಿಸುವ ಗದ್ಯದ ಕೊಂಡಿಗಳೂ ಇವೆ. ಯಾರು ಯಾರಿಗೆ, ಎಲ್ಲಿ, ಯಾವ ಸಂದರ್ಭದಲ್ಲಿ ಆ ವಚನವನ್ನು ನುಡಿದರೆಂದು ತಿಳಿಸುವ ಈ ಕೊಂಡಿಯ ಮಾತುಗಳು ಸಂಕಲನಕಾರರವು. ವಚನಕ್ಕೆ ಅಂಕಿತವಿರುತ್ತದೆ, ಕೊಂಡಿಗೆ ಇರುವುದಿಲ್ಲ. ಲೇಖಕನು ಉದ್ಧರಿಸಿದ ಸಾಲು ಅಂಕಿತವುಳ್ಳ ವಚನದ ಒಳಗಿದೆಯೋ, ಅದರ ಹಿಂದುಮುಂದಿನ ಗದ್ಯದಲ್ಲಿದೆಯೋ ಎಂದು ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ. ದೀಕ್ಷೆಯ ಕ್ರಿಯೆಯನ್ನು ವರ್ಣಿಸುವ ಮಾತು ಕೊಂಡಿಯಲ್ಲಿ ಮಾತ್ರ ಇದ್ದರೆ, ಅದು ಸಂಕಲನಕಾರನ ಕಾಲದ ನಂಬಿಕೆಗೆ ಸಾಕ್ಷಿಯಾದೀತೇ ಹೊರತು ಸಿದ್ಧರಾಮರ ಕಾಲದ ಘಟನೆಗೆ ಸಾಕ್ಷಿಯಾಗದು.

ಲೇಖನದ ಎರಡನೆಯ ಆಧಾರ ಸಿದ್ಧರಾಮರ ವಚನಗಳು. ಚೆನ್ನಬಸವಣ್ಣನವರನ್ನು ಗುರುವಾಗಿ ಕೊಂಡಾಡುವ ವಚನಗಳು ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ದೊರೆಯುತ್ತವೆ. ಇದು ಬಲವಾದ ಆಧಾರ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೂ ಇಲ್ಲಿ ಎರಡು ಹೆಜ್ಜೆಗಳನ್ನು ಎಚ್ಚರದಿಂದ ಇಡಬೇಕು. ಅಂಕಿತವೊಂದೇ ಕರ್ತೃತ್ವಕ್ಕೆ ಪೂರ್ಣ ಪ್ರಮಾಣವಲ್ಲ. ಬಹುಕಾಲ ಓಲೆಗರಿಗಳಲ್ಲಿ ಪ್ರತಿಯಾಗುತ್ತ ಬಂದ ಸಾಹಿತ್ಯದಲ್ಲಿ ಒಬ್ಬರ ಅಂಕಿತದಲ್ಲಿ ಮತ್ತೊಬ್ಬರ ಮಾತು ಸೇರಿಕೊಂಡಿರುವ ಸಂಭವವಿದೆ. ಆದುದರಿಂದ ಆ ವಚನ ಯಾವ ಹಸ್ತಪ್ರತಿಯಲ್ಲಿ, ಯಾವ ಕಾಲದ ಸಂಕಲನದಲ್ಲಿ ಮೊದಲು ಕಾಣುತ್ತದೆಂದು ಲೇಖಕನು ಹೇಳಬೇಕು. ಎರಡನೆಯದಾಗಿ, ಗುರುವೆಂದು ಕರೆದ ಮಾತ್ರಕ್ಕೆ ದೀಕ್ಷಾಕ್ರಿಯೆ ನಡೆಯಿತೆಂದು ಹೇಳಲಾಗದು. ಶರಣರು ಒಬ್ಬರನ್ನೊಬ್ಬರು ಅರಿವಿನ ನೆಲೆಯಲ್ಲಿ ಗುರುವೆಂದು ಭಾವಿಸಿ ನಮಿಸಿದ ಮಾತುಗಳು ವಚನಗಳಲ್ಲಿ ಹೇರಳವಾಗಿವೆ. ಗೌರವದ ಮಾತನ್ನು ಕ್ರಿಯೆಯ ವರದಿಯಾಗಿ ಓದುವಲ್ಲಿ ಲೇಖನದ ತರ್ಕ ಒಂದು ಮೆಟ್ಟಿಲನ್ನು ಹಾರಿಬಿಡುತ್ತದೆ.

ಇನ್ನು ಲೇಖನವು ಮೌನವಾಗಿ ದಾಟಿಹೋದ ಆಧಾರವೊಂದಿದೆ. ಸಿದ್ಧರಾಮರ ಚರಿತ್ರೆಯನ್ನು ಕುರಿತ ಅತ್ಯಂತ ಹಳೆಯ ಕಾವ್ಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಸಿದ್ಧರಾಮ ಚಾರಿತ್ರ. ಅದು ಶೂನ್ಯಸಂಪಾದನೆಗಳಿಗಿಂತ ಬಹಳ ಹಿಂದಿನದು. ಶ್ರೀಶೈಲದ ಮಲ್ಲಿನಾಥನ ಅನುಗ್ರಹ, ಸೊನ್ನಲಿಗೆಯ ಕೆರೆ, ಗುಡಿ ಮತ್ತು ಲೋಕಹಿತದ ಕಾರ್ಯಗಳು ಅಲ್ಲಿ ವಿಸ್ತಾರವಾಗಿ ಬರುತ್ತವೆ. ಆದರೆ ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದ ಪ್ರಸಂಗ ಅಲ್ಲಿಲ್ಲ. ತನ್ನ ವಾದಕ್ಕೆ ತೊಡಕಾಗುವ ಈ ಆಧಾರವನ್ನು ಲೇಖಕನು ಹೆಸರಿಸಿ ಉತ್ತರ ಹೇಳಬೇಕಾಗಿತ್ತು. ಉತ್ತರ ಹೇಳುವುದು ಅಸಾಧ್ಯವೂ ಅಲ್ಲ. ಮುಚ್ಚಿಟ್ಟ ಆಧಾರವು ಓದುಗನಿಗೆ ಮುಂದೆಂದಾದರೂ ಎದುರಾದಾಗ ಇಡೀ ಲೇಖನದ ಮೇಲಿನ ವಿಶ್ವಾಸವೇ ಕುಸಿಯುತ್ತದೆ.

ಹಾಗೆಂದು ಇದಕ್ಕೆ ವಿರುದ್ಧವಾದ ಲೇಖನವೊಂದು ಬಂದರೆ ವಿಮರ್ಶಕನು ಅದನ್ನು ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. 'ರಾಘವಾಂಕನು ಹೇಳಿಲ್ಲ, ಆದುದರಿಂದ ದೀಕ್ಷೆ ನಡೆಯಲೇ ಇಲ್ಲ' ಎಂಬ ವಾದವೂ ಅಷ್ಟೇ ದುರ್ಬಲ. ಕವಿಯ ಮೌನವು ಸಾಕ್ಷ್ಯವಾಗಬೇಕಾದರೆ, ಆ ವಿಷಯ ಅವನಿಗೆ ತಿಳಿದಿತ್ತು, ತಿಳಿದಿದ್ದರೆ ಅವನು ಹೇಳಿಯೇ ಹೇಳುತ್ತಿದ್ದನು ಎಂಬ ಎರಡು ಸಂಗತಿಗಳನ್ನು ತೋರಿಸಬೇಕು. ಸೊನ್ನಲಿಗೆಯ ಸ್ಥಾವರಲಿಂಗವನ್ನೂ ಕ್ಷೇತ್ರದ ಮಹಿಮೆಯನ್ನೂ ನಡುವಿಗಿಟ್ಟುಕೊಂಡು ಕಾವ್ಯವನ್ನು ಕಟ್ಟಿದ ಕವಿಗೆ ಕಲ್ಯಾಣದ ಪ್ರಸಂಗವು ತನ್ನ ಕಥೆಯ ಹೊರಗಿನದೆಂದು ತೋರಿರಬಹುದು. ಮೌನದಿಂದ ಸಂದೇಹ ಹುಟ್ಟಬಹುದು, ನಿರ್ಣಯ ಹುಟ್ಟದು. ಒಂದು ಲೇಖನ ನಂತರದ ನಂಬಿಕೆಯನ್ನು ಘಟನೆಯೆಂದು ಬರೆದರೆ, ಇನ್ನೊಂದು ಹಿಂದಿನ ಮೌನವನ್ನು ನಿರಾಕರಣೆಯೆಂದು ಬರೆಯುತ್ತದೆ. ಎರಡರ ದೋಷವೂ ಒಂದೇ ಜಾತಿಯದು.

ಮೂರನೆಯ ಪ್ರಶ್ನೆ ಹಿಂದಿನ ವಿದ್ವಾಂಸರ ಕೆಲಸವನ್ನು ಕುರಿತದ್ದು. ದೀಕ್ಷಾಪ್ರಸಂಗದ ಜೊತೆಗೆ ಲೇಖನದಲ್ಲಿ ಮೂರು ಅಡಿಟಿಪ್ಪಣಿಗಳಿವೆಯೆಂದು ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಫ.ಗು. ಹಳಕಟ್ಟಿಯವರು 1930ರಲ್ಲಿ ಪ್ರಕಟಿಸಿದ ಶೂನ್ಯಸಂಪಾದನೆ ಒಂದು, ಸಂ.ಶಿ. ಭೂಸನೂರಮಠರು 1958ರಲ್ಲಿ ಹೊರತಂದ ಆವೃತ್ತಿ ಎರಡು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಐದು ಸಂಪುಟಗಳಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಮೂರು. ನೋಡುವವರಿಗೆ ಮೂವರು ಸಾಕ್ಷಿಗಳು ನಿಂತಂತೆ ತೋರುತ್ತದೆ. ಆದರೆ ಮೂರೂ ಗೂಳೂರು ಸಿದ್ಧವೀರಣ್ಣೊಡೆಯರ ಪಾಠವನ್ನೇ ಅವಲಂಬಿಸಿವೆ. ಒಬ್ಬನೇ ಸಾಕ್ಷಿ ಮೂರು ಸಲ ನುಡಿದರೆ ಸಾಕ್ಷಿಗಳ ಸಂಖ್ಯೆ ಮೂರಾಗುವುದಿಲ್ಲ. ಅತ್ತ ಆರ್.ಸಿ. ಹಿರೇಮಠರು ಸಂಪಾದಿಸಿ ಬೆಳಕಿಗೆ ತಂದ ಶಿವಗಣಪ್ರಸಾದಿ ಮಹಾದೇವಯ್ಯನವರ ಕೃತಿ ಟಿಪ್ಪಣಿಯಲ್ಲಿ ಇಲ್ಲದಿದ್ದರೆ, ನಿಜವಾಗಿ ಬೇರೆಯಾದ ಸಾಕ್ಷಿಯನ್ನೇ ಲೇಖಕನು ಕರೆದಿಲ್ಲವೆಂದು ಅರ್ಥ. ಗ್ರಂಥಗಳ ಹೆಸರಿನ ಪಟ್ಟಿ ಎಷ್ಟು ಉದ್ದವಾಗಿದೆ ಎಂಬುದಕ್ಕಿಂತ, ಆ ಗ್ರಂಥಗಳು ಪರಸ್ಪರ ಹೇಗೆ ಸಂಬಂಧಿಸಿವೆ ಎಂಬುದನ್ನು ಲೇಖಕನು ಬಲ್ಲನೇ ಎಂಬುದು ಮುಖ್ಯ. ಹಿಂದಿನ ವಿದ್ವಾಂಸರನ್ನು ಗೌರವಿಸುವ ರೀತಿ ಅವರ ಹೆಸರನ್ನು ಹೇಳುವುದಲ್ಲ. ಅವರ ಪೀಠಿಕೆ, ಪಾಠಾಂತರಗಳನ್ನು ಓದಿ, ಒಪ್ಪಿದೆಡೆ ಒಪ್ಪಿ, ಒಪ್ಪದೆಡೆ ಕಾರಣ ಹೇಳುವುದು.

ಹೀಗೆ ನೋಡಿದ ವಿಮರ್ಶಕನು ಸಂಪಾದಕರಿಗೆ ಏನು ಬರೆಯಬೇಕು? ಲೇಖನವನ್ನು ತಿರಸ್ಕರಿಸಬೇಕಾಗಿಲ್ಲ. ಮೂರು ತಿದ್ದುಪಡಿಗಳನ್ನು ಕೇಳಿದರೆ ಸಾಕು. ನಾಲ್ಕು ಸಂಪಾದನೆಗಳಲ್ಲಿ ಸಿದ್ಧರಾಮರ ಪ್ರಸಂಗವನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ತೋರಿಸಬೇಕು. ಉದ್ಧರಿಸಿದ ಪ್ರತಿಯೊಂದು ಸಾಲೂ ವಚನದ್ದೋ ಕೊಂಡಿಯದೋ ಎಂದು ಗುರುತಿಸಬೇಕು. ರಾಘವಾಂಕನ ಕಾವ್ಯಕ್ಕೆ ಉತ್ತರ ಹೇಳಬೇಕು. ಇಷ್ಟು ಮಾಡಿದ ಮೇಲೆ ಲೇಖನದ ನಿರ್ಣಯ ತಾನಾಗಿ ಸಣ್ಣದಾಗುತ್ತದೆ: ಮೊದಲ ಶೂನ್ಯಸಂಪಾದನೆಯಲ್ಲಿ ಕಾಣದ ದೀಕ್ಷಾಪ್ರಸಂಗವು ನಂತರದ ಪರಂಪರೆಯಲ್ಲಿ ನೆಲೆಗೊಂಡಿತು; ಸಿದ್ಧರಾಮರಿಗೆ ಚೆನ್ನಬಸವಣ್ಣನವರಲ್ಲಿದ್ದ ಗುರುಭಾವಕ್ಕೆ ವಚನಗಳು ಸಾಕ್ಷಿ ನುಡಿಯುತ್ತವೆ; ಕ್ರಿಯಾದೀಕ್ಷೆಯ ಮಾತು ಇತ್ಯರ್ಥವಾಗಿಲ್ಲ. ನಿರ್ಣಯ ಸಣ್ಣದಾದರೂ ಗಟ್ಟಿಯಾದುದು.

ಇದರಿಂದ ಭಕ್ತನ ಶ್ರದ್ಧೆಗೆ ಧಕ್ಕೆ ಬಂದೀತೆಂಬ ಅಂಜಿಕೆ ಸಹಜವೇ. ಆದರೆ ಕೆರೆಯ ಏರಿಯ ಮೇಲಿದ್ದ ಕರ್ಮಯೋಗಿಯು ಶಿವಯೋಗಿಯಾಗಿ ಬೆಳೆದ ಬಗೆಯನ್ನು ಮೊದಲ ಸಂಕಲನಕಾರನು ದೀಕ್ಷಾಪ್ರಸಂಗವಿಲ್ಲದೆಯೇ ನಿರೂಪಿಸಿದ್ದಾನೆ. ಮುಂದಿನವರು ಆ ಪ್ರಸಂಗವನ್ನು ಸೇರಿಸಿದ್ದು ಸಿದ್ಧರಾಮರನ್ನು ತಮ್ಮವರನ್ನಾಗಿ ಪೂರ್ಣವಾಗಿ ಕಾಣಬೇಕೆಂಬ ಹಂಬಲದಿಂದ ಇರಬಹುದು. ಆ ಹಂಬಲವೂ ಧರ್ಮದ ಇತಿಹಾಸದ ಒಂದು ಭಾಗವೇ. ಅದನ್ನು ಹನ್ನೆರಡನೆಯ ಶತಮಾನಕ್ಕೆ ಆರೋಪಿಸಿದರೆ, ಹದಿನೈದು ಹದಿನಾರನೆಯ ಶತಮಾನಗಳ ಶರಣರು ಏನನ್ನು ಚಿಂತಿಸಿದರೆಂಬ ಅರಿವೇ ಕಳೆದುಹೋಗುತ್ತದೆ.